ಶರತನ ಸೈಕಲ್ಲಿನ ಹಿಂದೆ ಯಾರೂ ಇರಲಿಲ್ಲ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಶರತ ಎಂಬ ಹುಡುಗನಿದ್ದಾನೆ. ಎಂಟನೇ ಇಯತ್ತೆ. ತೆಳ್ಳಗಿನ ಮೈ, ಉದ್ದನೆಯ ಕಾಲು. ಅವನ ಅಪ್ಪ ಕಳಕಪ್ಪ ಮನೆಯ ಪಡಸಾಲೆಯಲ್ಲೇ ಗುಂಡಿ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಾನೆ. ಶಾಲೆಗೆ ಸೂಟಿ ಇರುವ ದಿನಗಳಲ್ಲಿ ಶರತನೂ ಅಪ್ಪನ ಪಕ್ಕ ಕುಳಿತು ಒಂದು ಗೇಣು, ಎರಡು ಗೇಣು ನೇಯ್ದು ಏಳುತ್ತಾನೆ. "ಕಾಲ ಚಲೋ ಅದಾವ ಇವನವು. ಒಂದ ಎಳಿ ತಪ್ಪಂಗಿಲ್ಲ" ಎಂದು ಅಪ್ಪ ಅಪರೂಪಕ್ಕೆ ಹೊಗಳುವುದುಂಟು. ಆ ಕಾಲುಗಳೇ ಮುಂದೆ ಅವನನ್ನು ನೆಲಕ್ಕೆ ಕೆಡವಿದವು.

ಶರತನ ಹೈಸ್ಕೂಲು ಊರ ಹೊರಗೆ, ರೋಣದ ರಸ್ತೆಯಲ್ಲಿ ಮೂರು ಕಿಲೋಮೀಟರ್ ದೂರದಲ್ಲಿದೆ. ಅವನ ತರಗತಿಯ ಹುಡುಗರೆಲ್ಲ ಸೈಕಲ್ ಮೇಲೆ ಹೋಗುತ್ತಿದ್ದರು. ಶರತ ಮಾತ್ರ ಫಕೀರೇಶನ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಎರಡೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಫಕೀರೇಶನ ಮನೆ ನಾಲ್ಕು ಬಾಗಿಲು ಆಚೆ. ಅಂಗನವಾಡಿಯಿಂದ ಇಬ್ಬರೂ ಜೊತೆ. ಫಕೀರೇಶ ಬಾರದ ದಿನ ಶರತ ನಡೆದು ಹೋಗಬೇಕು. ಹೋಗಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರ ಸಾಲಿನಲ್ಲಿ ಅವನೊಬ್ಬನೇ ನಿಂತಿರುತ್ತಿದ್ದ.

ದಸರಾ ಸೂಟಿ ಬಿದ್ದ ದಿನ ರೋಣದಿಂದ ಸೋದರಮಾವ ಗುರುಸಂಗಪ್ಪ ಬಂದ. ರೋಣದ ಪ್ಯಾಟಿಯಲ್ಲಿ ಅವನದು ಕಡಲೆ ವ್ಯಾಪಾರ. ಸಾಮಾನಿನ ಗಾಡಿಯ ಹಿಂದಿನಿಂದ ಅವನು ಒಂದು ನೀಲಿ ಸೈಕಲ್ ಇಳಿಸಿದ. ಅವನ ಮಗ ಬಸವಪ್ರಸಾದ ಕಾಲೇಜು ಸೇರಿ ಎತ್ತರ ಬೆಳೆದಿದ್ದ, ಸೈಕಲ್ ಸಣ್ಣದಾಗಿತ್ತು.

"ಇದು ನನಗೇನ್ರಿ ಮಾಮಾ?" ಶರತನಿಗೆ ನಂಬಿಕೆಯೇ ಬರಲಿಲ್ಲ.

"ಹೊಡ್ಯಾಕ ಬರ್ತೈತೇನು?"

"ಇಲ್ರಿ."

"ಹಂಗಾದ್ರ ಇನ್ನೂ ನಿಂದಲ್ಲ." ಮಾವ ನಕ್ಕ. "ಹದಿನೈದು ದಿನ ಕೊಡ್ತೀನಿ. ಸೂಟಿ ಮುಗಿಯೂ ದಿನ, ಐತಾರ ಬರ್ತೀನಿ. ನಿಮ್ಮ ಮನಿ ಬಾಗಲದಿಂದ ಓಣಿ ತುದಿ ಬೇವಿನ ಗಿಡದ ಮಟ, ಕಾಲ ನೆಲಕ್ಕ ಹಚ್ಚದ ಹೊಡದು ತೋರಸು. ಅವತ್ತ ನಿಂದು. ಬರಲಿಲ್ಲಂದ್ರ ಅಸೂಟಿ ಊರಾಗ ನಿಮ್ಮ ಅತ್ತಿ ತಮ್ಮನ ಮಗ ಕೇಳಾಕತ್ತಾನ. ಅವಗ ಕೊಡೂದು."

"ಮಾತಿಗೆ ತಪ್ಪಬ್ಯಾಡ್ರಿ ಮತ್ತ."

"ಏ, ವ್ಯಾಪಾರಸ್ಥನ ಮಾತಲೇ ಇದು. ತೂಕದಾಗೂ ತಪ್ಪಂಗಿಲ್ಲ, ಮಾತಿನಾಗೂ ತಪ್ಪಂಗಿಲ್ಲ."

ಸಂಜೆಗೆ ಫಕೀರೇಶ ಓಡಿ ಬಂದ. ಸೈಕಲ್ಲಿನ ಗಂಟೆ ನಾಲ್ಕು ಸಲ ಬಾರಿಸಿದ. "ನಾ ಕಲಸ್ತೀನಲೇ ಶರ್ಯಾ. ನಾಕ ದಿನದಾಗ ನನಗಿಂತ ಜೋರ ಹೊಡಿತಿ ನೋಡು."

ನೀರಿನ ಟಾಕಿಯ ಹಿಂದೆ ಒಂದು ಬಯಲು ಇದೆ. ಅರ್ಧ ಸಪಾಟು, ಅರ್ಧ ಸಣ್ಣ ಇಳಿಜಾರು. ಅಲ್ಲಿ ಕಲಿಕೆ ಶುರುವಾಯಿತು. ಶರತ ಸೀಟಿನ ಮೇಲೆ ಕುಳಿತರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಫಕೀರೇಶ ಹಿಂದೆ ಕ್ಯಾರಿಯರ್ ಹಿಡಿದು ನಿಂತ.

"ಬಿಡತೀ ಏನ?"

"ಬಿಡಾಂಗಿಲ್ಲ."

"ಆಣಿ ಮಾಡು."

"ನಮ್ಮವ್ವನ ಆಣಿ, ಬಿಡಾಂಗಿಲ್ಲ. ತುಳಿ ಈಗ."

ಶರತ ತುಳಿದ. ಬಲಗಾಲು ಕೆಳಗೆ ಹೋಯಿತು, ಅಲ್ಲೇ ನಿಂತಿತು. ಸೈಕಲ್ ಬಲಕ್ಕೆ ಓಲಿತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡು ಮುಂದಿನ ಗಾಲಿಯನ್ನೇ ನೋಡುತ್ತಿದ್ದ ಶರತ, ಬೀಳುವ ಭಯಕ್ಕೆ ಹ್ಯಾಂಡಲನ್ನು ಎಡಕ್ಕೆ ಎಳೆದ. ಧಡ್ ಎಂದು ಬಲಕ್ಕೇ ಬಿದ್ದ. ಫಕೀರೇಶನೂ ಸೈಕಲ್ಲಿನ ಮೇಲೆ ಬಿದ್ದ. ಇಬ್ಬರೂ ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲನೇ ದಿನದ ನಗು ಅದು. ಅದರಲ್ಲಿ ಮೋಸವಿರಲಿಲ್ಲ.

ಎರಡನೇ ದಿನ ಆರು ಸಲ ಬಿದ್ದ. ಮೂರನೇ ದಿನ ಒಂಬತ್ತು ಸಲ. ಮೊಣಕಾಲಿಗೆ ಅವ್ವ ಸುಶೀಲವ್ವ ಅರಿಶಿಣ ಹಚ್ಚಿದಳು. "ಬೀಳದ ಕಲ್ತಾಂವ ಯಾರದಾನ? ಆದ್ರ ಒಂದ ಗಾಯ ಒಣಗಾಕರ ಬಿಡೋ" ಎಂದಳು. ಅಕ್ಕ ವಿದ್ಯಾಶ್ರೀ ಪಿಯುಸಿ ಓದುತ್ತಿದ್ದಳು. ಅವಳು ತಲೆ ಎತ್ತದೆ, "ಯವ್ವಾ, ಅರಿಶಿಣದ ಡಬ್ಬಿ ಮ್ಯಾಲ ಇಡಬ್ಯಾಡ. ನಾಳೆ ಮತ್ತ ಬೇಕಾಗ್ತದ" ಎಂದಳು.

ಐದನೇ ದಿನ ಏನೋ ಆಯಿತು. ಶರತ ಹತ್ತು ಮಾರು ಹೋದ. ಹಿಂದಿನಿಂದ ಫಕೀರೇಶನ ದನಿ ಕೇಳುತ್ತಿತ್ತು: "ಹಿಡದೀನಿ, ಹಿಡದೀನಿ, ಹೋಗು!" ಆ ದನಿಯೇ ಶರತನಿಗೆ ಬೆನ್ನಿಗೆ ಒರಗಿದ ಗೋಡೆಯ ಹಾಗೆ ಇತ್ತು. ಹಿಡಿದಿದ್ದಾನೆ ಎಂಬ ಧೈರ್ಯದಿಂದ ಮತ್ತೊಂದು ಸಲ ತುಳಿದ. ಕಾಲು ಕೆಳಗೆ ಹೋಗಿ ನಿಂತಿತು. ಸೈಕಲ್ ಓಲಿತು. ಹಿಂದಿನಿಂದ ಯಾವ ಕೈಯೂ ಎತ್ತಿ ನಿಲ್ಲಿಸಲಿಲ್ಲ. ಈ ಸಲ ಅಂಗೈಯ ಚರ್ಮ ಎದ್ದಿತು, ಗದ್ದಕ್ಕೆ ಗರಸಿನ ಸಣ್ಣ ಕಲ್ಲು ಚುಚ್ಚಿತು.

ಎದ್ದು ನೋಡಿದರೆ ಫಕೀರೇಶ ಹತ್ತು ಹೆಜ್ಜೆ ಹಿಂದಿದ್ದ. ಒಂದು ಕೈ ಚಡ್ಡಿಯ ಕಿಸೆಯಲ್ಲಿತ್ತು.

"ಬಿಟ್ಟಿ ಏನಲೇ?"

"ಇಲ್ಲಲೇ, ಕೈ ಜಾರ್ತು. ಬೆವರಿತ್ತು."

ಶರತ ನಂಬಿದ. ಮರುದಿನವೂ ಕೈ ಜಾರಿತು. ಅದರ ಮರುದಿನ ಫಕೀರೇಶನಿಗೆ ಕಾಲಲ್ಲಿ ಮುಳ್ಳು ಚುಚ್ಚಿತಂತೆ, ಅದಕ್ಕೆ ಬಿಡಬೇಕಾಯಿತಂತೆ. ಶರತ ಅದನ್ನೂ ನಂಬಿದ. ಬೀಳುವುದು ತನ್ನದೇ ತಪ್ಪು, ಇಷ್ಟು ದಿನ ಬಿಸಿಲಲ್ಲಿ ಹಿಂದೆ ಓಡುತ್ತಿರುವ ಗೆಳೆಯನದೇನು ತಪ್ಪು ಎಂದುಕೊಂಡ. ಅವತ್ತು ಮನೆಯಿಂದ ಶೇಂಗಾ ಉಂಡಿ ಕದ್ದು ತಂದು ಅವನ ಕೈಯಲ್ಲಿ ಇಟ್ಟಿದ್ದ.

ಎಂಟನೇ ದಿನದ ಸಂಜೆ ಅವ್ವನ ಮೊಬೈಲ್ ಟಿಂಗ್ ಟಿಂಗ್ ಎನ್ನತೊಡಗಿತು. ತರಗತಿಯ ಮಕ್ಕಳ ಗುಂಪೊಂದು ಅದರಲ್ಲಿತ್ತು. ಸರ್ ಮನೆಗೆಲಸ ಹಾಕುವುದು ಅದರಲ್ಲೇ. ವಿದ್ಯಾಶ್ರೀ ನೋಡಿದಳು. ಅವಳ ಮುಖ ಬದಲಾಯಿತು.

"ಏನ ಅಕ್ಕಾ? ಮನಿಗೆಲಸ ಏನ?"

"ಏನಿಲ್ಲ ಬಿಡು."

ಶರತ ಕಸಿದುಕೊಂಡು ನೋಡಿದ. ವಿಡಿಯೋ. ಅದರಲ್ಲಿ ನೀಲಿ ಸೈಕಲ್, ಅದರ ಮೇಲೆ ತಾನು. ಕ್ಯಾರಿಯರ್ ಹಿಡಿದ ಒಂದು ಕೈ ಕಾಣುತ್ತದೆ. ಆ ಕೈಯಲ್ಲಿ ಶರತನೇ ಫಕೀರೇಶನಿಗೆ ಕಟ್ಟಿದ ಕೆಂಪು ದಾರ. "ಹಿಡದೀನಿ, ಹಿಡದೀನಿ, ಹೋಗು!" ಎನ್ನುವ ದನಿ. ಆಮೇಲೆ ಅದೇ ದನಿ ಸಣ್ಣದಾಗಿ, ಫೋನಿನ ಹತ್ತಿರ ಬಂದು ಪಿಸುಗುಡುತ್ತದೆ: "ಈಗ ನೋಡ್ರಿ. ಬಿಡ್ತೀನಿ. ಈಗ ಬೀಳ್ತಾನ." ಕೈ ಬಿಡುತ್ತದೆ. ಸೈಕಲ್ ಓಲುತ್ತದೆ. ಶರತ ಬೀಳುತ್ತಾನೆ. ಫೋನು ಕುಣಿಯುವಷ್ಟು ನಗು.

ಮೂರು ದಿನದ ಮೂರು ಬೀಳುವಿಕೆಗಳನ್ನು ಜೋಡಿಸಿ ಒಂದು ವಿಡಿಯೋ ಮಾಡಿದ್ದರು. ಮೇಲೆ 'ಬಿದ್ದಪ್ಪ' ಎಂದು ಹೆಸರು. ಕೆಳಗೆ ನಗುವ ಮುಖಗಳ ಸಾಲು.

ಶರತ ಅಳಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಫಕೀರೇಶನ ಮನೆಗೆ ಹೋದ. ಫಕೀರೇಶ ಕಟ್ಟೆಯ ಮೇಲೆ ಕುಳಿತು ಅವನ ಅಣ್ಣನ ಫೋನು ನೋಡುತ್ತಿದ್ದ.

"ಆಣಿ ಮಾಡಿದ್ದೆಲ್ಲೋ."

ಫಕೀರೇಶ ಫೋನು ಬೆನ್ನ ಹಿಂದೆ ಇಟ್ಟುಕೊಂಡ. "ಚಾಷ್ಟಿಗೆ ಮಾಡಿದ್ನಲೇ. ಎಲ್ಲಾರೂ ನಕ್ಕಾರ. ಯಾರೂ ಕೆಟ್ಟ ಮಾತ ಅಂದಿಲ್ಲ."

"ಮುಳ್ಳ ಚುಚ್ಚಿತ್ತಂದಿ."

"ಅದು... ಒಂದ ದಿನ ಖರೇನ ಚುಚ್ಚಿತ್ತು."

"ನಾ ನಿನಗ ಉಂಡಿ ತಂದು ಕೊಟ್ಟೆ."

ಫಕೀರೇಶ ನೆಲ ನೋಡುತ್ತ, "ನಾಳಿಂದ ಖರೇನ ಹಿಡಿತೀನಿ" ಎಂದ.

"ನೀ ನಾಳಿಂದ ನಮ್ಮ ಮನಿ ಕಡೆ ಬರಬ್ಯಾಡ."

ಮನೆಗೆ ಬಂದು ಶರತ ಸೈಕಲ್ಲನ್ನು ಗೋಡೆಗೆ ಒರಗಿಸಿ ಅದರ ಮೇಲೆ ಹಳೆಯ ಗೋಣಿ ಹೊಚ್ಚಿದ. ಎರಡು ದಿನ ಅದರ ಕಡೆ ಹೋಗಲಿಲ್ಲ. ಅಪ್ಪ ಮಗ್ಗದ ಮೇಲಿನಿಂದ ಕೇಳಿದ: "ಯಾಕೋ, ಇವತ್ತ ಬೀಳಾಕ ಹೋಗಲಿಲ್ಲೇನ?" ಅಪ್ಪನದು ತಮಾಷೆ. ಆದರೆ ಶರತನಿಗೆ ಅಪ್ಪನೂ ಆ ನಗುವ ಮುಖಗಳ ಸಾಲಿನಲ್ಲಿ ಸೇರಿದ ಹಾಗೆ ಅನಿಸಿತು.

ಆ ಎರಡು ದಿನ ಅವನು ಮಾಡಿದ ಕೆಲಸ ಒಂದೇ. ಅವ್ವನ ಫೋನು ಸಿಕ್ಕಾಗಲೆಲ್ಲ ಆ ವಿಡಿಯೋ ಹಚ್ಚುವುದು. "ಈಗ ಬೀಳ್ತಾನ" ಎಂಬ ಪಿಸುಮಾತು ಕೇಳುವುದು. ನಿಜವಾಗಿಯೂ ಫಕೀರೇಶನದೇ ದನಿಯೇ ಎಂದು ಪ್ರತಿ ಸಲ ಹೊಸದಾಗಿ ಕೇಳಿದ ಹಾಗೆ ಕೇಳುವುದು. ಹುಣ್ಣು ಕೆರೆದುಕೊಂಡ ಹಾಗೆ.

ಹಾಗೆ ಎಷ್ಟನೆಯದೋ ಸಲ ನೋಡುತ್ತಿದ್ದಾಗ ದನಿ ಬೇಡವೆನಿಸಿ ಬಂದ್ ಮಾಡಿದ. ದನಿ ಇಲ್ಲದಾಗ ಕಣ್ಣು ಬೇರೆ ಕಡೆ ಹೋಯಿತು. ಮೊದಲ ಸಲ ಅವನು ಫಕೀರೇಶನ ಕೈ ನೋಡದೆ ತನ್ನ ಕಾಲು ನೋಡಿದ.

"ಅಕ್ಕಾ, ಇದನ್ನ ಸಾವಕಾಶ ಓಡಸಾಕ ಬರ್ತೈತೇನ?"

ವಿದ್ಯಾಶ್ರೀ ವಿಡಿಯೋವನ್ನು ನಿಧಾನ ಮಾಡಿ ಕೊಟ್ಟಳು. ಬಲಗಾಲು ಪೆಡಲ್ ಒತ್ತುತ್ತದೆ. ಪೂರ್ತಿ ಕೆಳಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. ಏನನ್ನೋ ಕಾಯುತ್ತದೆ. ಎಡಗಾಲು ಮೇಲೆ ಸುಮ್ಮನೆ ಇರುತ್ತದೆ. ಆಮೇಲೆ ಸೈಕಲ್ ಓಲುತ್ತದೆ.

"ಇದು ಮಗ್ಗ ತುಳದಂಗ ಐತಲ್ಲೋ!" ಎಂದಳು ಅಕ್ಕ.

ಹೌದು, ಅದು ಮಗ್ಗದ ಕಾಲು. ಗುಂಡಿ ಮಗ್ಗದಲ್ಲಿ ನೇಕಾರ ಗುಂಡಿಯ ಅಂಚಿಗೆ ಕುಳಿತು ಕಾಲು ಒಳಗೆ ಇಳಿಬಿಟ್ಟಿರುತ್ತಾನೆ. ಕಾಲ ಕೆಳಗೆ ತುಳಿಯುವ ಹಲಗೆಗಳು. ಒಂದನ್ನು ತುಳಿದರೆ ಎಳೆಗಳು ಎರಡು ಭಾಗವಾಗಿ ಬಾಯಿ ತೆರೆಯುತ್ತವೆ. ಆ ಬಾಯೊಳಗೆ ಅಡ್ಡ ಎಳೆ ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಬೇಕು. ಲಾಳಿ ದಾಟುವ ತನಕ ಕಾಲು ಒತ್ತಿಕೊಂಡೇ ನಿಲ್ಲಬೇಕು. ಅವಸರ ಮಾಡಿ ಎತ್ತಿದರೆ ಲಾಳಿ ಎಳೆಗೆ ಸಿಕ್ಕುತ್ತದೆ. ಅಷ್ಟೇ ಅಲ್ಲ, ಒಂದು ಎಳೆ ಹರಿದರೂ ಸಾಕು, ಕಾಲು ತಟ್ಟನೆ ನಿಲ್ಲಬೇಕು. ಕಣ್ಣು ಹತ್ತಿರದ ನೇಯ್ಗೆಯ ಮೇಲೆಯೇ ಇರಬೇಕು. ಇದನ್ನು ಶರತ ಏಳು ವರ್ಷದವನಿದ್ದಾಗಿನಿಂದ ಕಲಿತಿದ್ದ. ಅದಕ್ಕೇ ಸೈಕಲ್ ಮೇಲೆ ಸ್ವಲ್ಪ ತಪ್ಪಿದರೂ ಕಾಲು ನಿಂತುಬಿಡುತ್ತಿತ್ತು, ಕಣ್ಣು ಮುಂದಿನ ಗಾಲಿಗೆ ಅಂಟಿಕೊಳ್ಳುತ್ತಿತ್ತು.

ಅಪ್ಪ ಹೊಗಳಿದ ಕಾಲು ತನಗೇ ಮೋಸ ಮಾಡಿದವಲ್ಲ ಎಂದು ಶರತನಿಗೆ ಸಿಟ್ಟು ಬಂತು. ಆದರೆ ಈ ಸಿಟ್ಟು ಫಕೀರೇಶನ ಮೇಲಿನ ಸಿಟ್ಟಿನ ಹಾಗಿರಲಿಲ್ಲ. ಇದಕ್ಕೆ ಏನಾದರೂ ಮಾಡಬಹುದಿತ್ತು.

ಗೋಣಿ ತೆಗೆದ. ಬಿದ್ದು ಬಿದ್ದು ಹ್ಯಾಂಡಲ್ ಓರೆಯಾಗಿತ್ತು. ಗಾಲಿ ನೇರ ಇದ್ದರೆ ಹ್ಯಾಂಡಲ್ ಎಡಕ್ಕೆ ನೋಡುತ್ತಿತ್ತು. ತಳ್ಳಿಕೊಂಡು ರಮಜಾನಬಿಯ ಅಂಗಡಿಗೆ ಹೋದ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಪಂಕ್ಚರ್ ತಿದ್ದುವ ಅಂಗಡಿ ಅದು. ಗಂಡ ಹಾಸಿಗೆ ಹಿಡಿದ ಮೇಲೆ ಪಾನಾ ಹಿಡಿದವಳು ಅವಳು. ಅದಾಗಿ ಇಪ್ಪತ್ತು ವರ್ಷವಾಯಿತು.

ರಮಜಾನಬಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದಳು. "ವಿಡಿಯೋದಾಗ ಬೀಳ್ತಾನಲ್ಲ, ಅಂವ ನೀನ ಏನ ಬೇಟಾ?"

ಶರತನ ಕಿವಿ ಬಿಸಿಯಾಯಿತು. "ನಿಮಗೂ ಬಂತೇನ್ರಿ ಚಾಚಿ?"

"ನನ್ನ ಮೊಮ್ಮಗಳು ಶಬನಮ ತೋರಿಸಿದ್ಲು. ರೋಣದಾಗಿರೂ ಅವರ ಅತ್ತಿಗೂ ಬಂದದಂತ." ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಮುಂದಿನ ಗಾಲಿಯನ್ನು ಎರಡು ಮೊಣಕಾಲ ನಡುವೆ ಅವುಚಿ ಹಿಡಿದು, ಹ್ಯಾಂಡಲ್ ತಿರುಗಿಸಿ ನೇರ ಮಾಡಿ ಬೋಲ್ಟ್ ಬಿಗಿದಳು. "ಆಯ್ತು. ನಡಿ."

ಶರತ ಹೋಗಲಿಲ್ಲ. "ಚಾಚಿ, ನಾ ಯಾಕ ಬೀಳ್ತೀನ್ರಿ? ಹಿಡದಾಂವ ಬಿಟ್ಟಿದ್ದಕ್ಕ ಏನ್ರಿ?"

"ಅಂವ ಬಿಟ್ಟಿದ್ದು ಹರಾಮಖೋರ್ ಕೆಲಸ. ಅದು ಬ್ಯಾರೆ. ಆದ್ರ ಅಂವ ಖರೇನ ಹಿಡದಿದ್ರೂ ನೀ ಕಲೀತಿದ್ದಿಲ್ಲ. ಹಿಂದ ಒಬ್ಬಾಂವ ಎತ್ತಿ ಹಿಡದ್ರ ಸೈಕಲ್ ಓಲಾಂಗಿಲ್ಲ. ಓಲದಿದ್ರ ನಿನ್ನ ಕೈಗೆ ಏನ ಮಾಡಬೇಕಂತ ಹ್ಯಾಂಗ ಗೊತ್ತಾಗಬೇಕು?"

ಅವಳು ಮೂಲೆಯಿಂದ ಕಸಬರಿಗೆ ತೆಗೆದಳು. "ಇದನ್ನ ಅಂಗೈ ಮ್ಯಾಲ ನಿಲ್ಲಸು."

ಶರತ ಕಸಬರಿಗೆಯ ಹಿಡಿಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ. ಅದು ಬಲಕ್ಕೆ ವಾಲಿತು. ತಾನಾಗಿಯೇ ಅವನ ಕೈ ಬಲಕ್ಕೆ ಸರಿಯಿತು. ಕಸಬರಿಗೆ ನೆಟ್ಟಗಾಯಿತು. ಎಡಕ್ಕೆ ವಾಲಿತು, ಕೈ ಎಡಕ್ಕೆ ಹೋಯಿತು.

"ಕೈ ಯಾವ ಕಡೆ ಹೋಯ್ತು?"

"ಅದು ಬೀಳೂ ಕಡೆ ರೀ."

"ನೋಡು. ಬೀಳೂದರ ಕೆಳಗ ಹೋಗಿ ನಿಂದ್ರಬೇಕು. ಸೈಕಲ್ ಬಲಕ್ಕ ಬೀಳಾಕತ್ರ ಹ್ಯಾಂಡಲ್ ಬಲಕ್ಕ ಸ್ವಲ್ಪ, ಅಗದೀ ಸ್ವಲ್ಪ ತಿರುವು. ಗಾಲಿ ನಿನ್ನ ಮೈ ಕೆಳಗ ಬರ್ತಾವ, ಸೈಕಲ್ ಏಳತದ. ಎಡಕ್ಕ ಬಿದ್ರ ಎಡಕ್ಕ. ನೀ ಏನ ಮಾಡ್ತಿ? ಬಲಕ್ಕ ಬೀಳುವಾಗ ಹೆದರಿ ಎಡಕ್ಕ ಎಳೀತಿ. ಗಾಲಿ ನಿನ್ನ ಬಿಟ್ಟು ಆ ಕಡೆ ಓಡ್ತಾವ, ನೀ ಈ ಕಡೆ ಧಡಕ್ಕನ. ವಿಡಿಯೋದಾಗ ಮೂರೂ ಸರ್ತಿ ಅದನ್ನ ಮಾಡಿದಿ."

"ಕಾಲೂ ನಿಂದ್ರತಾವ್ರಿ ಚಾಚಿ. ಮಗ್ಗದ ರೂಢಿ."

ಈಗ ರಮಜಾನಬಿ ನಕ್ಕಳು. "ಹಂಗಾದ್ರ ಕಾಲಿಗೆ ಎರಡ ದಿನ ಕೆಲಸ ಕೊಡೂದು ಬ್ಯಾಡ." ಪಾನಾ ಹಚ್ಚಿ ಎರಡೂ ಪೆಡಲ್ ಬಿಚ್ಚತೊಡಗಿದಳು. ಬಲಗಡೆಯದು ಎಲ್ಲ ಬೋಲ್ಟುಗಳ ಹಾಗೆ ಬಿಚ್ಚಿತು. ಎಡಗಡೆಯದನ್ನು ಅವಳು ಉಲ್ಟಾ ತಿರುಗಿಸಿದಳು. "ಎಡಗಡೆ ಪೆಡಲ್‌ಗೆ ಉಲ್ಟಾ ಮರಿ, ಅಂದ್ರ ತಿರುಪಿನ ಸುತ್ತು, ಇರ್ತದ. ಇಲ್ಲಂದ್ರ ತುಳೀತ ತುಳೀತ ತಾನ ಬಿಚ್ಚಿ ಬೀಳತದ. ಇದನ್ನ ತಿಳೀದಾಂವ ಹಾದಿ ತಪ್ಪಿ ತಿರುವಿ ಮರಿ ಕೆಡಸಿ ನನ್ನ ಹಂತ್ಯಾಕ ಬರ್ತಾನ." ಆಮೇಲೆ ಶರತನ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಕೆಳಗಿಳಿಸಿದಳು.

"ಇಳಿಜಾರಿನ ಮ್ಯಾಲ ಕುಂದರು. ಎರಡೂ ಕಾಲಲೆ ನೆಲ ಒದ್ದು ಬಿಡು. ಕಾಲ ಎತ್ತು. ಓಲಿದ್ರ ಹ್ಯಾಂಡಲ್ ತಿರುವು. ಹ್ಯಾಂಡಲ್ ಗಟ್ಟಿ ಅವುಚಬ್ಯಾಡ, ಕೋಳಿ ಮರಿ ಹಿಡದಂಗ ಹಿಡಿ. ಗಾಲಿ ನೋಡಬ್ಯಾಡ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು. ಬ್ರೇಕ್ ಹಾಕುವಾಗ ಎರಡೂ ಕೂಡೆ, ಸಾವಕಾಶ. ಮುಂದಿಂದೊಂದ ಜೋರ ಹಿಡದ್ರ ಹಲ್ಲ ಉಳಿಯಾಂಗಿಲ್ಲ. ಹಿಂದ ಯಾರೂ ಬ್ಯಾಡ."

ಹಿಂದೆ ಯಾರೂ ಇರಲಿಲ್ಲ. ಬಯಲಿನಲ್ಲಿ ಶರತ ಒಬ್ಬನೇ. ಮೊದಲ ದಿನ ನೆಲ ಒದ್ದು ನಾಲ್ಕು ಮಾರು ಹೋಗಿ ಕಾಲು ಊರಿದ. ಮತ್ತೆ ಒದ್ದ. ಸಾವಕಾಶ ಹೋದಾಗ ಸೈಕಲ್ ಹೆಚ್ಚು ಓಲುತ್ತಿತ್ತು, ಹ್ಯಾಂಡಲ್ ಹೆಚ್ಚು ತಿರುಗಿಸಬೇಕಿತ್ತು. ಸ್ವಲ್ಪ ಜೋರಾಗಿ ಬಿಟ್ಟರೆ ಬೆರಳಷ್ಟು ತಿರುಗಿಸಿದರೂ ಸಾಕಾಗುತ್ತಿತ್ತು. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಲು ಮೈ ಒಪ್ಪುತ್ತಿರಲಿಲ್ಲ. ಬೀಳುತ್ತಿರುವ ಕಡೆಗೆ ತಾನೇ ಹೋಗುವುದೆಂದರೆ ಹೇಗೆ? ಆದರೂ ಒಂದು ಸಲ ಹಲ್ಲು ಕಚ್ಚಿ ತಿರುಗಿಸಿದ. ಸೈಕಲ್ ಎದ್ದು ನಿಂತಿತು. ಯಾರೋ ಎತ್ತಿದ ಹಾಗೆ ಅನಿಸಿ ಅವನು ಹಿಂದೆ ತಿರುಗಿ ನೋಡಿದ, ಯಾರೂ ಇರಲಿಲ್ಲ. ತಿರುಗಿ ನೋಡಿದ್ದಕ್ಕೆ ಬಿದ್ದ. ಅದು ಬೇರೆ ಮಾತು.

ಎರಡನೇ ದಿನ ಇಳಿಜಾರು ಪೂರ್ತಿ ಇಳಿದ. ಮೂರನೇ ದಿನ, ಅಂದರೆ ಶುಕ್ರವಾರ ಮುಂಜಾನೆ, ರಮಜಾನಬಿ ಪೆಡಲ್ ಹಾಕಿಕೊಟ್ಟಳು. "ಒಂದ ಪೆಡಲ್ ಮ್ಯಾಲ, ಸ್ವಲ್ಪ ಮುಂದ ಇರಲಿ. ಅದನ್ನ ಒತ್ತಿ ಹೊಂಡು. ಕಾಲ ಕೆಳಗ ಹೋದ ಕೂಡಲೆ ಇನ್ನೊಂದ ಕಾಲ ಒತ್ತಬೇಕು. ಇಲ್ಲಿ ಲಾಳಿ ಇಲ್ಲ, ಕಾಯಬ್ಯಾಡ."

ಶರತ ಬಾಯಲ್ಲಿ "ಲಾಳಿ ಇಲ್ಲ, ಲಾಳಿ ಇಲ್ಲ" ಎನ್ನುತ್ತ ತುಳಿದ. ಮೂರು ಸಲ ಕಾಲು ನಿಂತಿತು, ಎರಡು ಸಲ ಬಿದ್ದ. ಸಂಜೆಯ ಹೊತ್ತಿಗೆ ಕಾಲು ಸುತ್ತತೊಡಗಿದವು. ಬಯಲನ್ನು ಒಂದು ಸುತ್ತು ಹಾಕಿದ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಭಾನುವಾರ ಮಾವನ ಎದುರಿಗೇ ಎಲ್ಲರಿಗೂ ತೋರಿಸುವುದೆಂದು ಇಟ್ಟುಕೊಂಡ.

ಆದರೆ ಶನಿವಾರ ಮುಂಜಾನೆಯೇ ಮಾವನ ಸಾಮಾನಿನ ಗಾಡಿ ಓಣಿಯ ಈ ಬಾಯಿಗೆ ಬಂದು ನಿಂತಿತು.

ಗುರುಸಂಗಪ್ಪ ಚಹಾ ಕುಡಿದ, ಬಾಯಿ ಒರೆಸಿಕೊಂಡ. "ಶರತಾ, ಆ ಸೈಕಲ್ ಗಾಡಿಗೆ ಏರಸೋ. ಅಸೂಟಿ ಕಡೆ ಹೊಂಟೀನಿ, ಇಳಿಸಿ ಹೋಗ್ತೀನಿ."

"ಐತಾರ ಅಂದಿದ್ರಿ ಮಾಮಾ. ನಾಳೆ ಐತಾರ."

"ಐತಾರ ಏನ ಮಾಡ್ತೀಯೋ? ವಿಡಿಯೋ ನೋಡೀನಿ. ನಮ್ಮ ಬಸವಪ್ರಸಾದಗ ಯಾರೋ ಕಳಿಸಿದ್ರು. ಅಂಗಡ್ಯಾಗ ಎಲ್ಲಾರೂ ನೋಡಿದ್ವಿ." ಹೇಳುತ್ತಲೇ ಮಾವನಿಗೆ ನಗು ಬಂತು. "ಅಸೂಟಿಯವರಿಗೆ ಬರ್ತದಂತ ಹೇಳಿಬಿಟ್ಟೀನಿ. ಹುಡುಗ ದಾರಿ ಕಾಯಾಕತ್ತಾನ."

ಫಕೀರೇಶ ಬಿಟ್ಟ ಕೈ ರೋಣದ ತನಕ ಹೋಗಿತ್ತು. ಅಲ್ಲಿ ಮಾವನ ಕೈಯನ್ನೂ ಬಿಡಿಸಿತ್ತು. ತೂಕದಲ್ಲೂ ಮಾತಿನಲ್ಲೂ ತಪ್ಪದ ಮಾವ, ಒಂದು ದಿನ ಮೊದಲೇ ತಪ್ಪಿದ್ದ. ಒಂದು ಸಲ ಕೇಳಲೂ ಇಲ್ಲ, ಕಲಿತೆಯೇನೋ ಎಂದು.

ಶರತ ಸೈಕಲ್ ಹೊರಗೆ ತಂದ. ಆದರೆ ಗಾಡಿಯ ಕಡೆ ತಿರುಗಿಸಲಿಲ್ಲ, ಬೇವಿನ ಗಿಡದ ಕಡೆ ತಿರುಗಿಸಿದ.

ಓಣಿಯನ್ನು ನೋಡಿ ಅಲ್ಲೇ ನಿಂತ. ಅವತ್ತು ಆಚೆ ಮನೆಯ ದ್ಯಾವಪ್ಪಕಾಕಾ ಹಾಸು ಹಿಗ್ಗಿಸಿದ್ದ. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯ ಉದ್ದಕ್ಕೂ ಗೂಟಗಳ ನಡುವೆ ಬಿಗಿದು, ಗಂಜಿ ಹಚ್ಚಿ, ಒಣಗಿಸುತ್ತಾರೆ. ಸಾವಿರಾರು ಎಳೆ ಸೊಂಟದ ಎತ್ತರಕ್ಕೆ ಬಿಸಿಲಲ್ಲಿ ಹೊಳೆಯುತ್ತಿದ್ದವು. ಅದರ ಪಕ್ಕ ಗಟಾರದ ತನಕ ಉಳಿದಿದ್ದು ಎರಡು ಮೊಳದ ದಾರಿ. ಹಾಸಿನ ಕಡೆ ಬಿದ್ದರೆ ಒಂದು ಮನೆಯ ಒಂದು ತಿಂಗಳ ಕೆಲಸ ಹಾಳು. ಈ ಕಡೆ ಬಿದ್ದರೆ ಗಟಾರ.

"ಏ ಶರತಾ! ಹಾಸು ಐತೋ! ಇವತ್ತ ಬ್ಯಾಡ!" ಅವ್ವ ಬಾಗಿಲಿಗೆ ಓಡಿ ಬಂದಳು.

ಕಳಕಪ್ಪ ಮಗ್ಗದಿಂದ ಎದ್ದು ಬಂದ. ಮಗನ ಮುಖ ನೋಡಿದ. "ಬೀಳಾಂಗಿಲ್ಲಂತ ಅನಿಸ್ತದೇನ?" ಎಂದು ಕೇಳಿದ. ಈ ಸಲ ತಮಾಷೆ ಇರಲಿಲ್ಲ.

"ಬೀಳಾಂಗಿಲ್ಲಪ್ಪಾ."

"ದ್ಯಾವಪ್ಪಾ, ಬಿದ್ರ ಹಾಸು ನಾ ಹಾಕಿ ಕೊಡ್ತೀನಿ" ಎಂದು ಕಳಕಪ್ಪ ಕೂಗಿ ಹೇಳಿದ.

ಬಲ ಪೆಡಲ್ ಮೇಲಿತ್ತು, ಸ್ವಲ್ಪ ಮುಂದಿತ್ತು. ಶರತ ಒತ್ತಿದ. ಎಡಗಾಲು ಎತ್ತಿ ಒತ್ತಿದ. ಲಾಳಿ ಇಲ್ಲ, ಕಾಯಬೇಡ. ಬಲಗಡೆ ಎಳೆಗಳು ಕಣ್ಣಂಚಿನಲ್ಲಿ ಮಿಂಚುತ್ತಿದ್ದವು. ನೇಕಾರನ ಮಗ, ಎಳೆ ಕಂಡರೆ ಕಣ್ಣು ಅತ್ತ ಹೋಗದೆ ಇರುತ್ತದೆಯೇ? ಒಂದು ಕ್ಷಣ ಹೋಯಿತು. ಹೋದ ಕೂಡಲೇ ಸೈಕಲ್ಲೂ ಅತ್ತ ಸರಿಯಿತು. ಯಾರೋ ಕಿರುಚಿದರು. ಶರತ ಕಣ್ಣು ಕಿತ್ತು ದೂರದ ಬೇವಿನ ಗಿಡದ ಬೊಡ್ಡೆಗೆ ನೆಟ್ಟ. ಹ್ಯಾಂಡಲ್ ತಾನಾಗಿ ನೇರ ಬಂತು. ಗಟಾರದ ಕಡೆ ವಾಲಿದಾಗ ಗಟಾರದ ಕಡೆಗೇ ಬೆರಳಷ್ಟು ತಿರುಗಿಸಿದ, ಎದ್ದಿತು. ಕಾಲು ನಿಲ್ಲಲಿಲ್ಲ. ಹಾಸು ಮುಗಿಯಿತು, ಕೊನೆಯ ಗೂಟ ದಾಟಿತು, ಬೇವಿನ ನೆರಳು ಮೈಮೇಲೆ ಬಿತ್ತು. ಎರಡೂ ಬ್ರೇಕ್ ಕೂಡಿಸಿ ಹಿಡಿದು, ನಿಂತ ಮೇಲೆ ಕಾಲು ಊರಿದ.

ಮಾವ ನಡೆದುಕೊಂಡು ಬಂದ. "ಮತ್ತ ವಿಡಿಯೋದಾಗ..." ಎಂದು ಶುರುಮಾಡಿ ನಿಲ್ಲಿಸಿದ. "ಅಸೂಟಿಯವರಿಗೆ ಮಾತ ಕೊಟ್ಟೀನಲ್ಲೋ."

"ನನಗ ಮೊದಲ ಕೊಟ್ಟಿದ್ರಿ."

ಶರತನಿಗೆ ಬಿದ್ದಾಗ ಬಾರದ ಅಳು ಈಗ ಬಂತು. ಅವನು ಮುಖ ತಿರುಗಿಸಲಿಲ್ಲ, ಅಳುತ್ತಲೇ ಮಾವನನ್ನು ನೋಡುತ್ತ ನಿಂತ. ಹಿಂದೆಯೇ ಬಂದ ಸುಶೀಲವ್ವ ಅಣ್ಣನಿಗೆ, "ಹುಡುಗ ಮಾತ ನಡೆಸಿದ. ಇನ್ನ ನಿನ್ನ ಸರದಿ ಅಣ್ಣಾ" ಎಂದಳು.

ಗುರುಸಂಗಪ್ಪ ಕಿಸೆಯಿಂದ ಫೋನು ತೆಗೆದು ಅಸೂಟಿಗೆ ಹಚ್ಚಿದ. "ಹಲೋ... ಇಲ್ಲಪ್ಪಾ, ಸೈಕಲ್ ಬರಾಂಗಿಲ್ಲ. ತಪ್ಪು ನಂದ. ಹುಡುಗಗ ನಾನ ಹೇಳ್ತೀನಿ, ಫೋನ್ ಕೊಡು ಅವಗ." ಆ ಕಡೆಯ ಹುಡುಗನಿಗೆ ಅವನು ಏನು ಹೇಳಿದನೋ ಶರತನಿಗೆ ಕೇಳಿಸಲಿಲ್ಲ. ಅಲ್ಲಿಯೂ ಒಬ್ಬ ಹುಡುಗ ಮಾತು ನಂಬಿ ದಾರಿ ಕಾಯುತ್ತಿದ್ದ ಎಂಬುದು ಮಾತ್ರ ನೆನಪಾಗಿ, ಗೆದ್ದ ಖುಷಿ ಅರ್ಧ ಇಳಿಯಿತು.

ಸೋಮವಾರ ಶಾಲೆ ಶುರುವಾಯಿತು. ಓಣಿಯ ಬಾಯಿಯಲ್ಲಿ ಫಕೀರೇಶ ತನ್ನ ಸೈಕಲ್ ಹಿಡಿದು ನಿಂತಿದ್ದ.

"ಶರ್ಯಾ, ವಿಡಿಯೋ ಡಿಲೀಟ್ ಮಾಡೀನಲೇ."

ಶರತ ಕಾಲು ಊರಿ ನಿಂತ. "ನಿನ್ನ ಫೋನಿನಾಗ ಮಾಡಿದಿ. ಉಳಿದವರ ಫೋನಿನಾಗ?"

ಫಕೀರೇಶ ಹ್ಯಾಂಡಲ್‌ನ ರಬ್ಬರ್ ಉಗುರಿನಿಂದ ಕೆರೆಯುತ್ತ ನಿಂತ. ಆಮೇಲೆ, "ಜೋಡೀಲೆ ಹೋಗೂಣೇನ?" ಎಂದ.

"ರಸ್ತಾ ಎಲ್ಲಾರದ ಐತಿ. ಬರೂದಿದ್ರ ಬರ್ರಿ."

ಅಂಗನವಾಡಿಯಿಂದ 'ಲೇ' ಎಂದೇ ಕರೆದ ಗೆಳೆಯನಿಗೆ ಶರತ 'ಬರ್ರಿ' ಎಂದಿದ್ದ. ಫಕೀರೇಶನಿಗೆ ಬೈಗುಳ ತಿಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಶರತ ಪೆಡಲ್ ಒತ್ತಿ ಹೊರಟ. ಚೀಲ ಅವನ ಬೆನ್ನ ಮೇಲಿತ್ತು, ಕ್ಯಾರಿಯರ್ ಖಾಲಿಯಿತ್ತು. ರೋಣದ ರಸ್ತೆಗೆ ಬಂದಾಗ ಹಿಂದೆ ಇನ್ನೊಂದು ಸೈಕಲ್ಲಿನ ಸರಪಳಿಯ ಸದ್ದು ಕೇಳಿಸಿತು. ಅದು ಹತ್ತಿರ ಬರಲಿಲ್ಲ, ದೂರವೂ ಆಗಲಿಲ್ಲ. ಶರತ ತಿರುಗಿ ನೋಡಲಿಲ್ಲ. ಪ್ರಾರ್ಥನೆಯ ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು.